ಪರೀಕ್ಷಕನ ಕೈ ಒಳ್ಳೆಯದು, ಮಾತು ಕಟು: ಸಂಘ ಏನು ಮಾಡಬೇಕು?
(ಸದಸ್ಯರ ತಿಳುವಳಿಕೆ ಶಿಬಿರದಲ್ಲಿ ಮಾಡಿದ ಭಾಷಣ)



"ನಮ್ಮ ಪರೀಕ್ಷಕ ಕೆಲಸದಲ್ಲಿ ಎತ್ತಿದ ಕೈ. ಆದರೆ ಸಹಾಯಕನನ್ನು ಎಲ್ಲರೆದುರು ದಡ್ಡ ಎನ್ನುತ್ತಾನೆ, ಕಾರ್ಯದರ್ಶಿಯ ಮಾತಿಗೂ ಬೆಲೆ ಕೊಡುವುದಿಲ್ಲ" ಎಂಬ ದೂರು ಸಂಘಗಳಲ್ಲಿ ಕೇಳಿಬರುತ್ತದೆ. ಕೂಡಲೇ ಮತ್ತೊಬ್ಬರು "ಇರಲಿ ಬಿಡಿ, ಕೆಲಸಗಾರ" ಎನ್ನುತ್ತಾರೆ. ಈ "ಇರಲಿ ಬಿಡಿ" ನಿಮ್ಮ ಬಟವಾಡೆಗೇ ಕೈ ಹಾಕುತ್ತದೆ. ಹೇಗೆಂದು ನೋಡಿ.

ಮಾದರಿ ಬಾಟಲಿ ತುಂಬಿಟ್ಟು ಆಮೇಲೆ ಪರೀಕ್ಷಿಸುವ ಸಂಘವೆಂದುಕೊಳ್ಳಿ. 41ನೇ ಸದಸ್ಯರದು 5 ಲೀಟರ್, ಜಿಡ್ಡು 4.2. 42ನೆಯವರದೂ 5 ಲೀಟರ್, ಜಿಡ್ಡು 3.4. ಗಡಿಬಿಡಿಯಲ್ಲಿ ಸಹಾಯಕ ಇಬ್ಬರ ಬಾಟಲಿಗಳನ್ನು ಅದಲುಬದಲು ಇಡುತ್ತಾನೆ, ಮರುಕ್ಷಣವೇ ಅನುಮಾನವೂ ಬರುತ್ತದೆ. ಹೇಳಿದರೆ ಬೈಗುಳ ಖಚಿತ, ಆದ್ದರಿಂದ ಸುಮ್ಮನಾಗುತ್ತಾನೆ. ಪರೀಕ್ಷಕ ಎಷ್ಟೇ ನಿಖರವಾಗಿ ಪರೀಕ್ಷಿಸಲಿ, ಫಲಿತಾಂಶ ತಪ್ಪು ಹೆಸರಿಗೆ ಬೀಳುತ್ತದೆ. ಒಕ್ಕೂಟದಲ್ಲಿ ಕ್ಯಾನಿನ ಹಾಲು ಪರೀಕ್ಷಿಸಿದರೂ ಇದು ಸಿಕ್ಕುವುದಿಲ್ಲ, ಏಕೆಂದರೆ ಒಟ್ಟು ಹಾಲಿನ ಜಿಡ್ಡು ಬದಲಾಗಿಲ್ಲ. ಸತ್ಯ ಗೊತ್ತಿರುವವನು ಆ ಸಹಾಯಕ ಒಬ್ಬನೇ. ಅವನ ಬಾಯಿ ಮುಚ್ಚಿಸಿದವನು ನಮ್ಮ ಜಾಣ ಪರೀಕ್ಷಕ.

ಹಾಗಾದರೆ ಮಂಡಳಿ ಏನು ಮಾಡಬೇಕು? ಅಧ್ಯಕ್ಷರು ಸಂಜೆಯ ಹಾಲು ಹೋದ ಮೇಲೆ ಆತನೊಬ್ಬನನ್ನೇ ಕೂರಿಸಿ ಮಾತಾಡಲಿ. "ನಿನ್ನ ಗುಣ ಸರಿಯಿಲ್ಲ" ಎಂದರೆ ಜಗಳವಾಗುತ್ತದೆ. "ಸೋಮವಾರ ಬೆಳಗ್ಗೆ ಸಾಲಿನ ಮುಂದೆ ಹೀಗೆಂದೆ, ಅಂದಿನಿಂದ ಸಹಾಯಕ ಅನುಮಾನ ಬಂದರೂ ಹೇಳುತ್ತಿಲ್ಲ" ಎಂದು ದಿನ, ಮಾತು, ಪರಿಣಾಮ ಮೂರನ್ನೂ ಹೇಳಬೇಕು. ಆತ "ಅವನಿಗೆ ಕೆಲಸ ಬರುವುದಿಲ್ಲ, ಹೇಳಿದ್ದು ತಪ್ಪೇ?" ಎನ್ನಬಹುದು. ಅದು ನಿಜವೂ ಇರಬಹುದು. ಹಾಗಿದ್ದರೆ ಕಲಿಸಲಿ. 10 ಮಿ.ಲೀ. ಆಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಅಳೆದು ಸಹಾಯಕನೇ ವಾರಕ್ಕೆ ಹತ್ತು ಪರೀಕ್ಷೆ ಮಾಡಲಿ, ಪಕ್ಕದಲ್ಲಿ ಈತ ಇರಲಿ. ಕೆಲಸ ಬಲ್ಲವರೆಲ್ಲ ಕಲಿಸಬಲ್ಲರೆಂದಿಲ್ಲ. ಅಲ್ಲೂ ಮೂದಲಿಕೆಯೇ ಆದರೆ ಸಹಾಯಕನಿಗೆ ಬೇರೆಡೆ ತರಬೇತಿ ಕೊಡಿಸಿ.

ಜೊತೆಗೆ ಒಂದು ನಿಯಮ ಬೇಕು: ಅನುಮಾನದ ಬಾಟಲಿ ಪಕ್ಕಕ್ಕೆ, ಹೇಳಿದವನಿಗೆ ಬೈಗುಳವಿಲ್ಲ. ಆ ಹೊತ್ತಿಗೆ ಹಾಲು ಕ್ಯಾನು ಸೇರಿರುವುದರಿಂದ, ಅಂಥ ದಿನ ಹಿಂದಿನ ದಿನಗಳ ಸರಾಸರಿ ಹಿಡಿಯುವುದೋ ಹೇಗೋ ಎಂಬುದನ್ನು ಮಂಡಳಿ ಮೊದಲೇ ಠರಾವು ಮಾಡಿರಲಿ.

ಒಂದು ತಿಂಗಳು ನೋಡಿ. ಮಾತು ಬದಲಾಗದಿದ್ದರೆ ಲಿಖಿತ ಎಚ್ಚರಿಕೆ ಕೊಡಬೇಕು, ನಡವಳಿ ಪುಸ್ತಕದಲ್ಲಿ ದಾಖಲಿಸಬೇಕು. "ಬಿಟ್ಟುಹೋದರೆ?" ಎಂದು ಮಂಡಳಿ ಹೆದರುವುದು ಪರೀಕ್ಷೆ ಬಲ್ಲವನು ಒಬ್ಬನೇ ಇದ್ದಾಗ. ಎರಡನೇ ಕೈ ತಯಾರಾದ ಮೇಲೆ ಆ ಹೆದರಿಕೆ ಅಷ್ಟಿರುವುದಿಲ್ಲ.

ನೀವೂ ಪಾಸ್‌ಪುಸ್ತಕ ನೋಡುತ್ತಿರಿ. ನಿಮ್ಮ ಜಿಡ್ಡು ಒಂದೇ ಹೊತ್ತು ದಿಢೀರನೆ ಇಳಿದು, ಹಿಂದಿನ ಇಲ್ಲವೇ ಮುಂದಿನ ನಂಬರಿನವರದು ಅದೇ ಹೊತ್ತು ಏರಿದ್ದರೆ, ಬಾಟಲಿ ಅದಲುಬದಲಾಗಿರಬಹುದು. ಸಾಲಿನಲ್ಲಿ ಕೂಗಾಡದೆ ಎರಡೂ ಪುಸ್ತಕ ಹಿಡಿದು ಕಾರ್ಯದರ್ಶಿಯವರಿಗೆ ತೋರಿಸಿ.