ಏಳರಿಂದ ಎಂಟಕ್ಕೆ: ಯಾರ ಲೆಕ್ಕದಲ್ಲೂ ಇಲ್ಲದ ದಿನಗಳು

(ಮಠದ ಮಾಸಿಕ ಗೋಷ್ಠಿಯಲ್ಲಿ ನಿವೃತ್ತ ಮುಖ್ಯಶಿಕ್ಷಕಿಯೊಬ್ಬರು ಆಡಿದ ಮಾತುಗಳು)



ನಮ್ಮ ಬಹಳಷ್ಟು ಹಳ್ಳಿಗಳಲ್ಲಿ ಸರ್ಕಾರಿ ಶಾಲೆ ಏಳನೇ ತರಗತಿಗೆ ಮುಗಿಯುತ್ತದೆ. ಎಂಟನೆಯದಕ್ಕೆ ಬೇರೆ ಊರಿನ ಪ್ರೌಢಶಾಲೆಗೆ ಹೋಗಬೇಕು. ಏಪ್ರಿಲ್‌ನಲ್ಲಿ ಹುಡುಗಿಯ ಹೆಸರು ಹಳೆಯ ಶಾಲೆಯ ಹಾಜರಿ ಪುಸ್ತಕದಿಂದ ಹೋಗುತ್ತದೆ. ಜೂನ್‌ವರೆಗೆ ಹೊಸ ಪುಸ್ತಕಕ್ಕೆ ಬರುವುದಿಲ್ಲ. ಆ ದಿನಗಳಲ್ಲಿ ಅವಳು ಯಾವ ಶಿಕ್ಷಕರ ಲೆಕ್ಕದಲ್ಲೂ ಇರುವುದಿಲ್ಲ.

ಒಂದು ವರ್ಷ ನನ್ನ ಶಾಲೆಯಲ್ಲಿ 11 ಹುಡುಗಿಯರು ಏಳನೆಯದನ್ನು ಮುಗಿಸಿದರು. ವರ್ಗಾವಣೆ ಪತ್ರ ಕೈಗೆ ಕೊಟ್ಟು, ನನ್ನ ಕೆಲಸ ಮುಗಿಯಿತೆಂದುಕೊಂಡೆ. ಆಗಸ್ಟಿನಲ್ಲಿ ಪ್ರೌಢಶಾಲೆಗೆ ಹೋದರೆ ಕಂಡವರು ಏಳೇ ಮಂದಿ. ಉಳಿದ ನಾಲ್ವರ ಮನೆಗೆ ಹೋದೆ. ಇಬ್ಬರನ್ನು ತಡೆದದ್ದು ದಾರಿ: ಸಂಜೆ ಶಾಲೆ ಬಿಟ್ಟ ಮೇಲೆ ಬಸ್ಸಿರಲಿಲ್ಲ. ಒಬ್ಬಳ ಸೊಂಟದ ಮೇಲೆ ತಮ್ಮ ಇದ್ದ. ನಾಲ್ಕನೆಯವಳಿಗೆ ಗಂಡು ನೋಡುತ್ತಿದ್ದರು.

ಮರುವರ್ಷ ಕ್ರಮ ಬದಲಿಸಿದೆ. ಮಾರ್ಚ್‌ನಲ್ಲೇ ಪ್ರತಿ ಹುಡುಗಿಯ ಹೆಸರಿನ ಮುಂದೆ ಮೂರು ವಿಷಯ ಬರೆದೆವು: ಯಾವ ಶಾಲೆ, ಯಾವ ದಾರಿ, ಮನೆಯಲ್ಲಿ ಏನು ತೊಡಕು. ಪ್ರತಿ ಹೆಸರಿಗೂ ಊರಿನ ಒಬ್ಬ ಅಕ್ಕನನ್ನು ಹೊಣೆ ಮಾಡಿದೆವು. ವರ್ಗಾವಣೆ ಪತ್ರವನ್ನು ತಡೆಹಿಡಿಯುವ ಹಾಗಿಲ್ಲ. ಆದ್ದರಿಂದ ತಂದೆತಾಯಿಯನ್ನೇ ಕರೆದುಕೊಂಡು ಹೋಗಿ ಪ್ರೌಢಶಾಲೆಯಲ್ಲಿ ಸೇರಿಸಿ ಬಂದೆವು.

ದಾರಿಯ ಮಾತು. 2023ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಹೆಣ್ಣುಮಕ್ಕಳಿಗೆ ಉಚಿತವಾಗಿದೆ. ಆದರೆ ಗಂಟೆ ಹೊಡೆದ ಹೊತ್ತಿಗೆ ಬಸ್ ಬರದಿದ್ದರೆ ಉಚಿತವಾಗಿ ಏನು ಫಲ? ಶಾಲೆ ಬಿಡುವ ವೇಳೆ, ಮಕ್ಕಳ ಸಂಖ್ಯೆ ಬರೆದು ಎಸ್‌ಡಿಎಂಸಿ ಸಹಿಯೊಡನೆ ಡಿಪೋ ವ್ಯವಸ್ಥಾಪಕರಿಗೆ ಮೇ ತಿಂಗಳಲ್ಲೇ ಅರ್ಜಿ ಕೊಡಬೇಕು. ಬಸ್ಸೇ ಹೋಗದ ಊರಿನವರಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಲ್ಲಿ ವಸತಿ ಕೇಳಬಹುದು.

ದಾಖಲಾತಿಯನ್ನು ನಂಬಬೇಡಿ, ಬೆಂಚಿನ ಮೇಲೆ ಕೂತವರನ್ನು ಎಣಿಸಿ. ಜೂನ್ ಕೊನೆಗೆ ಒಮ್ಮೆ, ಹತ್ತಿ ಬೀಜದ ಕ್ರಾಸಿಂಗ್ ಕೆಲಸ ಜೋರಾಗಿರುವಾಗ ಇನ್ನೊಮ್ಮೆ. ಆಗ ಪುಸ್ತಕದಲ್ಲಿ ಹೆಸರಿರುತ್ತದೆ, ಹುಡುಗಿ ಹೊಲದಲ್ಲಿರುತ್ತಾಳೆ. ಮೂರು ದಿನ ಸತತ ಬಾರದಿದ್ದರೆ ಹೊಣೆ ಹೊತ್ತ ಅಕ್ಕ ಅದೇ ಸಂಜೆ ಮನೆಗೆ ಹೋಗಬೇಕು. ತಿಂಗಳು ಕಳೆದರೆ ಪಾಠ ಹಿಂದೆ ಬಿದ್ದು, ಅವಳಿಗೇ ಬರಲು ನಾಚಿಕೆಯಾಗುತ್ತದೆ.

ಮದುವೆಯ ಮಾತು ಕಿವಿಗೆ ಬಿದ್ದರೆ ಮೊದಲು ಮನೆಯವರೊಡನೆ ಕುಳಿತು ಮಾತಾಡಿ. ದಿನ ಗೊತ್ತಾಗಿದ್ದರೆ ಕಾಯಬೇಡಿ, 1098ಕ್ಕೆ ಕರೆ ಮಾಡಿ. ಹದಿನೆಂಟು ತುಂಬದ ಹುಡುಗಿಯ ಮದುವೆ ಮಾಡಿಸಿದವರೂ ಕಾನೂನಿನಡಿ ತಪ್ಪಿತಸ್ಥರು. ಮದುವೆ ನಡೆಸಿಕೊಡುವ ಅಯ್ಯನವರು ವಯಸ್ಸಿನ ದಾಖಲೆ ನೋಡದೆ ದಿನ ಇಟ್ಟುಕೊಡಬಾರದು.

ಆ ವರ್ಷ ಒಂಬತ್ತರಲ್ಲಿ ಎಂಟು ಹುಡುಗಿಯರು ಉಳಿದರು. ಒಬ್ಬಳ ಕುಟುಂಬ ಗುಳೆ ಹೋಯಿತು, ಅವಳನ್ನು ಹಿಡಿದಿಡಲು ನಮ್ಮಿಂದ ಆಗಲಿಲ್ಲ. ಮಠದಲ್ಲಿ ನನ್ನ ಬೇಡಿಕೆ ಒಂದೇ: ಬರುವ ಮಾರ್ಚ್ ಗೋಷ್ಠಿಗೆ ಪ್ರತಿ ಊರಿನವರೂ ಏಳನೇ ತರಗತಿಯ ಹುಡುಗಿಯರ ಪಟ್ಟಿ ತನ್ನಿ, ಜುಲೈ ಗೋಷ್ಠಿಯಲ್ಲಿ ಅದೇ ಪಟ್ಟಿಯನ್ನು ಎದುರಿಗಿಟ್ಟು ಲೆಕ್ಕ ಒಪ್ಪಿಸಿ.