ಹತ್ತು ನಿಮಿಷದ ಚಿತ್ರ, ಮೂವರು ಕಲಾವಿದರು, ಬಿಡುವಿನ ವೇಳೆ



ದೂರದರ್ಶನದಲ್ಲಿ ಹಲವು ವರ್ಷ ಮೂಡಿಬಂದ ‘ಏಕ್ ಅನೇಕ್ ಔರ್ ಏಕ್ತಾ’ ಎಂಬ ಅನಿಮೇಷನ್ ಚಿತ್ರದ ಹೆಸರನ್ನು ನಿಮ್ಮ ಮನೆಯ ಹಿರಿಯರು ಕೇಳಿಯೇ ಇರುತ್ತಾರೆ. 1974ರಲ್ಲಿ ಫಿಲ್ಮ್ಸ್ ಡಿವಿಷನ್ ನಿರ್ಮಿಸಿದ ಆ ಪುಟ್ಟ ಚಿತ್ರದ ಹಿಂದೆ ಒಂದು ದೊಡ್ಡ ಸಂಸ್ಥೆ ಇತ್ತು. ಇಂದು ಕಂಪ್ಯೂಟರು ಮನೆಗೆ ಬಂದಿರುವುದರಿಂದ, ಮೈಸೂರಿನಂಥ ಊರಿನಲ್ಲಿ ಮೂವರು ಗೆಳೆಯರು ಬಿಡುವಿನ ವೇಳೆಯಲ್ಲಿ ಹತ್ತು ನಿಮಿಷದ ಚಿತ್ರ ಮಾಡಲು ಹೊರಡುವುದು ಅಸಾಧ್ಯವಲ್ಲ. ಆದರೆ ಹೊರಟವರಲ್ಲಿ ಬಹಳ ಮಂದಿ ನಡುದಾರಿಯಲ್ಲೇ ನಿಲ್ಲುತ್ತಾರೆ. ನಾನು ಕಂಡಂತೆ ಅವರಿಗೆ ಚಿತ್ರ ಬರೆಯಲು ಬಾರದೆ ಅಲ್ಲ. ಲೆಕ್ಕ ಹಾಕದೆ ಹೊರಟಿದ್ದರಿಂದ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಟಾಂಗಾ ಓಡಿಸುವ ಅಜ್ಜ, ಅವನ ಕುದುರೆ, ಮೊಮ್ಮಗಳು. ದೇವರಾಜ ಮಾರುಕಟ್ಟೆಯ ಸುತ್ತ ನಡೆಯುವ ಕಥೆ. ತಂಡದಲ್ಲಿ ಒಬ್ಬಳು ಕಾವಾದ ವಿದ್ಯಾರ್ಥಿನಿ. ಪಾತ್ರಗಳಿಗೆ ಚಲನೆ ಕೊಡುವವಳು ಅವಳು. ಇನ್ನೊಬ್ಬರು ಬ್ಯಾಂಕಿನ ನೌಕರರು. ಶನಿವಾರ, ಭಾನುವಾರ ಹಿನ್ನೆಲೆ ಚಿತ್ರಗಳನ್ನು ಬರೆಯುತ್ತಾರೆ. ಮೂರನೆಯವರು ಮನೆಯಲ್ಲಿ ಚಿತ್ರಕಲೆ ಪಾಠ ಹೇಳುವ ಗೃಹಿಣಿ. ಬಣ್ಣ ತುಂಬುವುದು ಮತ್ತು ಕೊನೆಯ ಜೋಡಣೆ ಅವರದು. ವಾರಕ್ಕೆ ಕ್ರಮವಾಗಿ 15, 8, 12 ಗಂಟೆ ಕೊಡುವುದಾಗಿ ಮೂವರೂ ಒಪ್ಪಿದ್ದಾರೆ. ಒಪ್ಪಿದ್ದನ್ನೆಲ್ಲ ನಂಬಬೇಡಿ. ನೆಂಟರು ಬರುತ್ತಾರೆ, ಜ್ವರ ಬರುತ್ತದೆ, ಕರೆಂಟು ಹೋಗುತ್ತದೆ. ಐದರಲ್ಲಿ ನಾಲ್ಕು ಪಾಲು ಮಾತ್ರ ಕೈಗೆ ಸಿಗುತ್ತದೆಂದು ಹಿಡಿಯಿರಿ. ಆಗ ಉಳಿಯುವುದು 12, 6, 10. ಒಟ್ಟು ವಾರಕ್ಕೆ 28 ಗಂಟೆ.

ಈಗ ಕೆಲಸದ ಅಳತೆ. ಹತ್ತು ನಿಮಿಷವೆಂದರೆ 600 ಸೆಕೆಂಡು. ಹೆಸರುಗಳ ಪಟ್ಟಿಗೆ 40 ಸೆಕೆಂಡು ಕಳೆದರೆ 560. ಒಂದು ಶಾಟ್ ಸರಾಸರಿ ಐದು ಸೆಕೆಂಡು ಎಂದರೆ 112 ಶಾಟ್‌ಗಳು. ಇವೆಲ್ಲ ಒಂದೇ ತೂಕದವಲ್ಲ. ಬೀದಿಯ ಚಿತ್ರದ ಮೇಲೆ ಕ್ಯಾಮೆರಾ ಸರಿಯುವಂಥ ಸುಲಭದವು 32 ಎನ್ನೋಣ; ಒಬ್ಬರು ನಿಂತು ಮಾತನಾಡುವಂಥ ಮಧ್ಯಮದವು 60; ಕುದುರೆ ಓಡುವ, ಜನ ನೆರೆಯುವಂಥ ಕಠಿಣದವು 20. ಚಲನೆಗಷ್ಟೇ ಸುಲಭದ್ದಕ್ಕೆ 2, ಮಧ್ಯಮಕ್ಕೆ 6, ಕಠಿಣಕ್ಕೆ 14 ಗಂಟೆ ಹಿಡಿದರೆ ಒಟ್ಟು 704 ಗಂಟೆ. ಹಿನ್ನೆಲೆಗಳನ್ನು ಮತ್ತೆ ಮತ್ತೆ ಬಳಸಬಹುದಾದ್ದರಿಂದ 40 ಸಾಕು. ತಲಾ 5 ಗಂಟೆಯಂತೆ 200. ಬಣ್ಣ ಮತ್ತು ಜೋಡಣೆಗೆ 352.

ಇಲ್ಲಿಯೇ ಮೊದಲ ಮೋಸ ಅಡಗಿದೆ. ಒಟ್ಟು 1,256 ಗಂಟೆಯನ್ನು 28ರಿಂದ ಭಾಗಿಸಿ, 45 ವಾರ ಸಾಕು ಎಂದುಬಿಡುತ್ತೇವೆ. ಆದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸವನ್ನೇ ಮಾಡಿದರೆ ಹಿನ್ನೆಲೆಗೆ ಸುಮಾರು 33 ವಾರ, ಬಣ್ಣಕ್ಕೆ 35 ವಾರ, ಚಲನೆಗೆ 59 ವಾರ ಬೇಕು! ಇಬ್ಬರು ಕೆಲಸವಿಲ್ಲದೆ ಕೂತಿರುತ್ತಾರೆ, ಒಬ್ಬಳು ಹುಡುಗಿ ಬೆನ್ನು ಮುರಿದುಕೊಳ್ಳುತ್ತಾಳೆ. ಸೋರೆಬುರುಡೆಯ ಕತ್ತಿನ ಹಾಗೆ ಇಡೀ ಚಿತ್ರ ಆ ಒಂದು ಕಿರಿದಾದ ಜಾಗದಿಂದಲೇ ಹಾದುಹೋಗಬೇಕು. ವೇಳಾಪಟ್ಟಿ ಎಂದರೆ ಮೊದಲು ಆ ಕತ್ತು ಎಲ್ಲಿದೆ ಎಂದು ಹುಡುಕುವುದು.

ಪರಿಹಾರವೇನು? 45 ವಾರದಲ್ಲಿ ವಿದ್ಯಾರ್ಥಿನಿ ಮಾಡಬಲ್ಲದ್ದು 540 ಗಂಟೆ. ಉಳಿದ 164 ಗಂಟೆಯನ್ನು ಅವಳ ಹೆಗಲಿನಿಂದ ಇಳಿಸಬೇಕು. ಸುಲಭದ 32 ಶಾಟ್‌ಗಳು, ಅಂದರೆ 64 ಗಂಟೆ, ಬ್ಯಾಂಕಿನವರಿಗೆ ಹೋಗಲಿ. ಹಿನ್ನೆಲೆ ಅವರದೇ ತಾನೆ. ಮಧ್ಯಮದ 16 ಶಾಟ್‌ಗಳು, 96 ಗಂಟೆ, ಗೃಹಿಣಿಗೆ ಹೋಗಲಿ. ಆದರೆ ಅಲ್ಲೊಂದು ಇಲ್ಲೊಂದು ಹೆಕ್ಕಿ ಕೊಡಬೇಡಿ. ಅಜ್ಜನೊಬ್ಬನೇ ಇರುವ ಶಾಟ್‌ಗಳನ್ನೆಲ್ಲ ಒಟ್ಟಿಗೆ ಕೊಡಿ. ಒಂದೇ ಮುಖವನ್ನು ಇಬ್ಬರು ಬರೆದರೆ ಪರದೆಯ ಮೇಲೆ ಅಜ್ಜನ ಮೂಗು ಉದ್ದವಾಗುತ್ತದೆ, ಗಿಡ್ಡವಾಗುತ್ತದೆ.

ಇನ್ನು ಯಾವುದು ಮೊದಲು, ಯಾವುದು ಆಮೇಲೆ? ಬಣ್ಣ ತುಂಬಲು ಚಲನೆ ಮುಗಿದ ಶಾಟ್ ಬೇಕು. ಮೊದಲ ವಾರ ಅಂಥದ್ದು ಒಂದೂ ಇರುವುದಿಲ್ಲ. ಆದ್ದರಿಂದ ಗೃಹಿಣಿ ಮೊದಲ ಹತ್ತು ವಾರ ತಮ್ಮ 16 ಶಾಟ್‌ಗಳ ಚಲನೆಯನ್ನೇ ಮುಗಿಸಲಿ. ಅಷ್ಟರಲ್ಲಿ ವಿದ್ಯಾರ್ಥಿನಿಯ ಕೈಯಿಂದ ಬಂದ ಶಾಟ್‌ಗಳು ರಾಶಿ ಬಿದ್ದಿರುತ್ತವೆ. ಹಿನ್ನೆಲೆಯವರು ವರ್ಣಚಿತ್ರ ಮುಗಿಸುವ ತನಕ ಅವಳು ಕಾಯಬೇಕಿಲ್ಲ. ಕುದುರೆಯ ಕಾಲು ಯಾವ ನೆಲದ ಮೇಲೆ, ಬಾಗಿಲು ಎಷ್ಟು ಎತ್ತರ ಎಂದು ತೋರಿಸುವ ಗೆರೆಚಿತ್ರ ಸಾಕು. ಅರ್ಧ ಗಂಟೆಗೆ ಒಂದರಂತೆ ನಲವತ್ತನ್ನೂ ಮೊದಲ ಮೂರು ನಾಲ್ಕು ವಾರದಲ್ಲಿ ಬರೆದಿಟ್ಟು, ಬಣ್ಣ ಆಮೇಲೆ ಹಾಕಲಿ.

ಕಠಿಣವಾದ ಶಾಟ್‌ಗಳನ್ನು ಕೊನೆಗೆ ಉಳಿಸಿಕೊಳ್ಳುವುದು ಎಲ್ಲರ ದೌರ್ಬಲ್ಯ. ಹಾಗೆ ಮಾಡಿದರೆ ಕೊನೆಯ ವಾರ ಬಂದ ಕುದುರೆಗೆ ಬಣ್ಣ ತುಂಬಲು ಸಮಯವೇ ಇರುವುದಿಲ್ಲ. ಕೈ ಪಳಗಿದ ಮೇಲೆ, ಸುಮಾರು ಐದನೆಯ ವಾರದಿಂದ, ಅವನ್ನು ಕೈಗೆತ್ತಿಕೊಳ್ಳಿ. ಕುದುರೆಯ ಓಟದ ಒಂದು ಸುತ್ತನ್ನು ಚೆನ್ನಾಗಿ ಬರೆದಿಟ್ಟರೆ ಹಲವು ಶಾಟ್‌ಗಳಿಗೆ ಅದೇ ಆಗುತ್ತದೆ.

ನಾನು ಹೇಳಿದ 2, 6, 14 ಎಂಬ ಅಂಕಿಗಳು ಎಲ್ಲಿಂದ ಬಂದವು ಎಂದು ನೀವು ಕೇಳಬೇಕು. ಅವು ನನ್ನ ಊಹೆ. ನಿಮ್ಮ ಅಂಕಿಯನ್ನು ನೀವೇ ಕಂಡುಕೊಳ್ಳಬೇಕು. ಕೆಲಸ ಆರಂಭಿಸುವ ಮುನ್ನ ಮಧ್ಯಮದ ಒಂದು ಶಾಟನ್ನು ಗೆರೆಯಿಂದ ಬಣ್ಣ, ಜೋಡಣೆಯವರೆಗೆ ಗಡಿಯಾರ ನೋಡಿಕೊಂಡು ಮುಗಿಸಿ. ಆರು ಗಂಟೆಯೆಂದುಕೊಂಡದ್ದು ಒಂಬತ್ತಾಯಿತೆನ್ನಿ. ಅರವತ್ತು ಶಾಟ್‌ಗೆ 180 ಗಂಟೆ ಹೆಚ್ಚಾಯಿತು. ‘ಮುಂದೆ ವೇಗ ಬರುತ್ತದೆ’ ಎಂದು ಸಮಾಧಾನ ಮಾಡಿಕೊಳ್ಳಬೇಡಿ, ಚಿತ್ರವನ್ನೇ ಕತ್ತರಿಸಿ. ಜಾತ್ರೆಯ ಜನಸಂದಣಿಯಂಥ ಹತ್ತು ಕಠಿಣ ಶಾಟ್‌ಗಳ ಬದಲು ತಮಟೆಯ ಸದ್ದು, ಗೋಡೆಯ ಮೇಲಿನ ನೆರಳು, ಮೊಮ್ಮಗಳ ಅಲುಗದ ಮುಖ ತೋರಿಸಿದರೆ ಅವು ಸುಲಭದವಾಗುತ್ತವೆ. ತಲಾ 12ರಂತೆ 120 ಗಂಟೆ ಉಳಿಯಿತು. ಮಧ್ಯಮದ ಏಳು ಶಾಟ್‌ಗಳನ್ನು ತೆಗೆದರೆ ಇನ್ನೊಂದು 63. ಲೆಕ್ಕ ಸರಿಹೋಯಿತು.

ಈ ಕತ್ತರಿ ಆಡಿಸಬೇಕಾದ ಜಾಗ ಅನಿಮ್ಯಾಟಿಕ್. ಸ್ಟೋರಿಬೋರ್ಡಿನ ಒರಟು ಚಿತ್ರಗಳನ್ನು ತಾತ್ಕಾಲಿಕ ಧ್ವನಿಯೊಡನೆ ಸರಿಯಾದ ಕಾಲಾವಧಿಗೆ ಜೋಡಿಸಿದ ಹತ್ತು ನಿಮಿಷದ ಕರಡು ಅದು. ಅಲ್ಲಿ ಐದು ಸೆಕೆಂಡು ತೆಗೆಯಲು ಒಂದು ಕ್ಷಣ ಸಾಕು. ಬಣ್ಣ ತುಂಬಿದ ಮೇಲೆ ತೆಗೆದರೆ ಎರಡು ವಾರಾಂತ್ಯ ಹಾಳಾದಂತೆ. ಅದಕ್ಕಾಗಿ ಕಥೆಗೂ ಅನಿಮ್ಯಾಟಿಕ್ಕಿಗೂ ಎಂಟು ವಾರ ಕೊಡಿ. ಆಮೇಲೆ ಮೂವರೂ ಒಪ್ಪದೆ ಒಂದು ಶಾಟನ್ನೂ ಸೇರಿಸಬೇಡಿ.

ಕ್ಯಾಲೆಂಡರ್ ತೆಗೆಯಿರಿ. ಕೆಲಸ 45 ವಾರ. ಕೊನೆಯ ಶಾಟ್‌ಗಳು ಬಣ್ಣ ದಾಟಿ ಬರಲು 2. ವಿದ್ಯಾರ್ಥಿನಿಯ ಪರೀಕ್ಷೆಗಳಿಗೆ 6. ದಸರೆಗೆ 2, ಏಕೆಂದರೆ ಸ್ತಬ್ಧಚಿತ್ರದ ಕೆಲಸ ಸಿಕ್ಕರೆ ಯಾವ ಕಲಾವಿದೆ ಬಿಟ್ಟಾಳು? ಕಾಯಿಲೆ ಕಸಾಲೆಗೆ 2. ಮೊದಲಿನ ಎಂಟು ಸೇರಿ 65 ವಾರ. ಜೂನ್ ತಿಂಗಳಲ್ಲಿ ಕಥೆ ಆರಂಭಿಸಿದರೆ ಮುಂದಿನ ವರ್ಷದ ಆಗಸ್ಟ್ ಕೊನೆಗೆ ಚಿತ್ರ.

ವಾರವಾರವೂ ನೋಡಬೇಕಾದ ಅಂಕಿ ಒಂದೇ: ಪೂರ್ತಿ ಮುಗಿದ ಶಾಟ್‌ಗಳು ಎಷ್ಟು. ‘ಮುಕ್ಕಾಲು ಮುಗಿದಿದೆ’ ಎಂಬುದನ್ನು ಸೊನ್ನೆ ಎಂದೇ ಬರೆಯಿರಿ. ಮುಕ್ಕಾಲು ಮುಗಿದ ಶಾಟ್‌ಗಳು ಹೆಚ್ಚುತ್ತಿದ್ದು, ಮುಗಿದವು ಹೆಚ್ಚದಿದ್ದರೆ, ಯಾರೋ ಯಾವುದಕ್ಕೋ ಕಾಯುತ್ತಿದ್ದಾರೆಂದೇ ಅರ್ಥ. ಬಹಳ ಸಲ ಅದು ತಪ್ಪು ಕಡತದ ಫಲ. ಹಳೆಯ ಗೆರೆಗಳಿಗೆ ಮೂರು ದಿನ ಬಣ್ಣ ತುಂಬಿದ ಅನುಭವ ನನಗೂ ಉಂಟು. ಅಂದಿನಿಂದ ಕಡತದ ಹೆಸರಿನಲ್ಲೇ ಶಾಟ್, ಹಂತ, ಎಷ್ಟನೆಯ ತಿದ್ದುಪಡಿ ಎಂಬುದನ್ನು SH014_ANIM_v02 ಎಂಬಂತೆ ಬರೆಯುತ್ತೇನೆ. ‘ಫೈನಲ್’ ಎಂಬ ಪದವನ್ನು ಮಾತ್ರ ಯಾವ ಕಡತಕ್ಕೂ ಇಡುವುದಿಲ್ಲ.