ತಿಂಗಳು ಕೆಟ್ಟಾಗ ಕ್ಲೈಂಟ್‌ಗೆ ಬರೆಯೋ ವರದಿ

ಠಾಣೆ, ಡೊಂಬಿವಿಲಿ, ಕಲ್ಯಾಣದಿಂದ ದಿನಾ ಐರೋಲಿ, ಮಹಾಪೆ ಕಡೆ ಆಫೀಸಿಗೆ ಹೋಗುವ ನಮ್ಮಲ್ಲಿ ಬಹಳ ಜನ ಸಪೋರ್ಟ್ ಪ್ರಾಜೆಕ್ಟ್‌ಗಳಲ್ಲಿದ್ದೀವಿ. ತಿಂಗಳ ಕೊನೆಗೆ ಕ್ಲೈಂಟ್‌ಗೆ ವರದಿ ಬರೆಯೋದು ನಮ್ಮ ಪಾಲಿಗೇ ಬರುತ್ತೆ. ತಿಂಗಳು ಕೆಟ್ಟಿದ್ದರೆ ಏನು ಬರೀಬೇಕು? ಒಂದು ಕಲ್ಪಿತ ಉದಾಹರಣೆ ನೋಡೋಣ.

ಕಲ್ಯಾಣದ ಹತ್ತಿರ ಗೋಡೌನ್ ಇರುವ ಒಂದು ಕಂಪನಿ. ಲಾರಿ ಲೋಡಿಂಗ್ ಎಲ್ಲ ನಾವು ನೋಡಿಕೊಳ್ಳುವ ಆ್ಯಪ್ ಮೇಲೆ ನಡೆಯುತ್ತೆ. ಒಪ್ಪಂದದ ಪ್ರಕಾರ ತಿಂಗಳಿಗೆ 99.9% ಅಪ್‌ಟೈಮ್ ಇರಬೇಕು. ಜೂನ್ ಅಂದ್ರೆ 30 ದಿನ, 43,200 ನಿಮಿಷ. ಅದರಲ್ಲಿ 43 ನಿಮಿಷ ಮಾತ್ರ ನಿಲ್ಲಬಹುದು. ಆದರೆ ಎರಡು ಸಲ ನಿಂತು ಒಟ್ಟು 130 ನಿಮಿಷ ಆಯ್ತು. ಲೆಕ್ಕ ಹಾಕಿದರೆ 99.70%.

ಈ ಸಂಖ್ಯೆ ನೋಡೋಕೆ ಚೆನ್ನಾಗೇ ಇದೆ, ಮೋಸ ಇರೋದೂ ಅಲ್ಲೇ. ಅದರಲ್ಲಿ 90 ನಿಮಿಷ ಬೆಳಿಗ್ಗೆ 7:10ರಿಂದ 8:40, ಲಾರಿಗಳು ಸಾಲುಗಟ್ಟಿ ನಿಂತಿರುವ ಹೊತ್ತು. ಹಾಗಾಗಿ ಪತ್ರದ ಮೊದಲ ಸಾಲಿನಲ್ಲೇ ಬರೆಯಿರಿ: "ಜೂನ್‌ನಲ್ಲಿ ನಾವು ಗುರಿ ಮುಟ್ಟಲಿಲ್ಲ. 130 ನಿಮಿಷ ಸೇವೆ ನಿಂತಿತು, ಅದರಲ್ಲಿ 90 ನಿಮಿಷ ನಿಮ್ಮ ಲೋಡಿಂಗ್ ಸಮಯದಲ್ಲಿ." ಒಪ್ಪಂದದಲ್ಲಿ ಬಿಲ್ ಕಡಿತ ಇದ್ದರೆ ಅದನ್ನೂ ಅವರು ಕೇಳೋ ಮೊದಲೇ ಹೇಳಿ.

ಆಮೇಲೆ ಕಾರಣ. "ತಾಂತ್ರಿಕ ತೊಂದರೆ" ಅನ್ನೋದು ಕಾರಣವಲ್ಲ. ಹಳೆಯ ಲಾಗ್ ಅಳಿಸುವ ಜಾಬ್ ಓಡುವುದು ನಿಂತಿತ್ತು, ಡಿಸ್ಕ್ ತುಂಬಿತು, ಡೇಟಾಬೇಸ್ ಹೊಸ ಎಂಟ್ರಿ ತಗೊಳ್ಳಲಿಲ್ಲ. ಅಲರ್ಟ್ ಹೋಗಿದ್ದು ಯಾರೂ ನೋಡದ ಮೇಲ್‌ಬಾಕ್ಸ್‌ಗೆ. ನಮಗೆ ಗೊತ್ತಾಗಿದ್ದು 7:25ಕ್ಕೆ ಗೋಡೌನ್‌ನಿಂದ ಫೋನ್ ಬಂದಾಗ. ಮ್ಯಾನೇಜರುಗಳು ಅಳಿಸಿಬಿಡೋಣ ಅನ್ನೋದು ಈ ಕೊನೆಯ ಸಾಲನ್ನೇ. ಅಳಿಸಬೇಡಿ. ಫೋನ್ ಮಾಡಿದವರೇ ಅವರು, ಅವರಿಗೆ ಗೊತ್ತಿದೆ. ಎರಡನೇ ಸಲ 40 ನಿಮಿಷ ನಿಂತಿದ್ದು ಸರ್ಟಿಫಿಕೇಟ್ ಅವಧಿ ಮುಗಿದು. ಅಂದ್ರೆ ಎರಡಕ್ಕೂ ಬೇರು ಒಂದೇ, ಮುಂಚೆಯೇ ಎಚ್ಚರಿಸಬೇಕಾದ್ದು ಯಾರಿಗೂ ಮುಟ್ಟುತ್ತಿರಲಿಲ್ಲ. ಮಳೆ ಮೇಲೆ, ನೆಟ್‌ವರ್ಕ್ ಮೇಲೆ ಹಾಕಿದರೆ ಈ ಬೇರು ಸಿಗೋದೇ ಇಲ್ಲ.

ಪರಿಹಾರದಲ್ಲಿ "ಮಾನಿಟರಿಂಗ್ ಬಲಪಡಿಸುತ್ತೇವೆ" ಅಂತ ಬರೆದರೆ ಮುಂದಿನ ತಿಂಗಳು ಯಾರೂ ಪರೀಕ್ಷಿಸೋಕಾಗಲ್ಲ. ಹೀಗೆ ಬರೆಯಿರಿ: ಡಿಸ್ಕ್ 80% ಮುಟ್ಟಿದರೆ, ಸರ್ಟಿಫಿಕೇಟ್‌ಗೆ 30 ದಿನ ಉಳಿದರೆ, ಡ್ಯೂಟಿಯಲ್ಲಿರುವವರ ಫೋನ್ ರಿಂಗ್ ಆಗುತ್ತೆ. ಜುಲೈ 5ರೊಳಗೆ, ಜವಾಬ್ದಾರಿ ಇಂಥವರದು. ಟೆಸ್ಟ್ ಸರ್ವರ್‌ನ ಡಿಸ್ಕ್ ಬೇಕಂತಲೇ ತುಂಬಿಸಿ ನೋಡ್ತೀವಿ, ಫಲಿತಾಂಶ ಜುಲೈ ವರದಿಯಲ್ಲಿ ಇರುತ್ತೆ.

ಕೊನೆಗೆ, ಇದರಿಂದ ಸರಿಹೋಗದ್ದನ್ನೂ ಹೇಳಿ. ಸರ್ವರ್ ಒಂದೇ ಇದೆ, ಅದೇ ಕೆಟ್ಟರೆ ಅಲರ್ಟ್ ಉಳಿಸಲ್ಲ. ಎರಡನೆಯದಕ್ಕೆ ಇಷ್ಟು ಖರ್ಚು, ನಿರ್ಧಾರ ನಿಮ್ಮದು ಅಂತ ಬರೆಯಿರಿ. ಒಪ್ಪಂದ ನವೀಕರಣದ ಮೀಟಿಂಗ್‌ನಲ್ಲಿ ಕ್ಲೈಂಟ್ ತೆಗೆದು ನೋಡೋದು ಇಂಥ ಹಳೆಯ ವರದಿಗಳನ್ನೇ.

ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.